ನೆಟ್ ಇದೆ, ಪುಟ ಮಾತ್ರ ತೆರೆಯುವುದಿಲ್ಲ: ಡಿಎನ್‌ಎಸ್ ತೊಂದರೆಯನ್ನು ಗುರುತಿಸುವ ಬಗೆ



ಕಂಪ್ಯೂಟರಿನ ಬಗ್ಗೆ ನಮ್ಮ ಘಟಕಗಳಿಂದ ಬರುವ ಪ್ರಶ್ನೆಗಳಲ್ಲಿ ಒಂದು ಮತ್ತೆ ಮತ್ತೆ ಬರುತ್ತಿದೆ. ವೈಫೈ ಗುರುತು ಪೂರ್ತಿ ತುಂಬಿದೆ, ರೂಟರಿನ ದೀಪಗಳೆಲ್ಲ ಉರಿಯುತ್ತಿವೆ, ಬಿಲ್ಲೂ ಕಟ್ಟಿದೆ, ಆದರೆ ಬ್ರೌಸರಿನಲ್ಲಿ ಒಂದು ಪುಟವೂ ತೆರೆಯುವುದಿಲ್ಲ. ಕಂಪನಿಗೆ ಫೋನ್ ಮಾಡಿದರೆ "ನಮ್ಮ ಕಡೆಯಿಂದ ಲೈನ್ ಸರಿಯಾಗಿದೆ" ಎನ್ನುತ್ತಾರೆ. ಹತ್ತಿರದ ಅಂಗಡಿಗೆ ಒಯ್ದರೆ ವಿಂಡೋಸನ್ನೇ ಹೊಸದಾಗಿ ಹಾಕಬೇಕು ಎನ್ನುತ್ತಾರೆ. ಇಂಥ ಸಂದರ್ಭದಲ್ಲಿ ಬಹಳ ಸಲ ಎರಡೂ ಕಡೆಯವರ ಮಾತು ತಪ್ಪಿಹೋಗುವ ಜಾಗ ಒಂದೇ. ಅದನ್ನು ಮನೆಯಲ್ಲಿಯೇ ಐದು ನಿಮಿಷದಲ್ಲಿ ಪರೀಕ್ಷಿಸುವುದು ಹೇಗೆಂದು ಈ ಲೇಖನದಲ್ಲಿ ವಿವರಿಸುತ್ತೇವೆ.

ಪರೀಕ್ಷೆ ಶುರುವಾಗುವುದು ಕಪ್ಪು ಕಿಟಕಿಯಿಂದ. ವಿಂಡೋಸ್ ಕಂಪ್ಯೂಟರಿನಲ್ಲಿ ಸ್ಟಾರ್ಟ್ ಒತ್ತಿ `cmd` ಎಂದು ಟೈಪ್ ಮಾಡಿ ಎಂಟರ್ ಕೊಟ್ಟರೆ ಅದು ತೆರೆಯುತ್ತದೆ. ಅಲ್ಲಿ ಈ ಎರಡು ಸಾಲುಗಳನ್ನು ಒಂದಾದ ಮೇಲೊಂದು ಕೊಡಿ.

```
ping 8.8.8.8
ping kn.wikipedia.org
```

ಪಿಂಗ್ ಎಂದರೆ ದೂರದ ಯಂತ್ರವೊಂದರ ಬಾಗಿಲು ತಟ್ಟಿ, ಒಳಗಿನಿಂದ ಓಗೊಡುತ್ತಾರೆಯೇ ಎಂದು ನೋಡುವುದು. ಮೊದಲ ಸಾಲಿನಲ್ಲಿ ನಾವು ಅಂಕಿಯ ವಿಳಾಸವನ್ನೇ ಕೊಟ್ಟಿದ್ದೇವೆ. ಎರಡನೆಯದರಲ್ಲಿ ಕನ್ನಡ ವಿಕಿಪೀಡಿಯದ ಹೆಸರನ್ನು ಕೊಟ್ಟಿದ್ದೇವೆ. ನಾವು ಹೇಳುತ್ತಿರುವ ತೊಂದರೆ ಇರುವ ಕಂಪ್ಯೂಟರಿನಲ್ಲಿ ಉತ್ತರ ಹೀಗೆ ಬರುತ್ತದೆ.

```
Reply from 8.8.8.8: bytes=32 time=24ms TTL=117

Ping request could not find host kn.wikipedia.org.
Please check the name and try again.
```

ಅಂಕಿಗೆ ಉತ್ತರ ಬಂತು, ಹೆಸರಿಗೆ ಬರಲಿಲ್ಲ. ಅಂಕಿಗೆ ಉತ್ತರ ಬಂದಿದೆ ಎಂದರೆ ನಿಮ್ಮ ಕಂಪ್ಯೂಟರಿನಿಂದ ಹೊರಟ ಮಾತು ವೈಫೈ ದಾಟಿ, ರೂಟರ್ ದಾಟಿ, ಬೀದಿಯ ಕೇಬಲ್ ದಾಟಿ, ಕಂಪನಿಯ ಜಾಲವನ್ನೂ ದಾಟಿ ಹೊರಗಿನ ಒಂದು ಯಂತ್ರವನ್ನು ಮುಟ್ಟಿ ಹಿಂದಿರುಗಿದೆ. ಹಾಗಾಗಿ "ಲೈನ್ ಸರಿಯಾಗಿದೆ" ಎಂದ ಕಂಪನಿಯವರು ಸುಳ್ಳು ಹೇಳಿರಲಿಲ್ಲ. ಕೆಟ್ಟಿರುವುದು ದಾರಿಯಲ್ಲ, ಹೆಸರನ್ನು ಅಂಕಿಯಾಗಿ ಬದಲಿಸಿಕೊಡುವ ವ್ಯವಸ್ಥೆ. ಅದರ ಹೆಸರೇ ಡಿಎನ್‌ಎಸ್.

ಅಂತರ್ಜಾಲದ ಯಂತ್ರಗಳಿಗೆ ನಮ್ಮ ಹೆಸರುಗಳು ತಿಳಿಯುವುದಿಲ್ಲ, ಅಂಕಿಯ ವಿಳಾಸಗಳಷ್ಟೇ ತಿಳಿಯುತ್ತವೆ. ಜಾಲ ಚಿಕ್ಕದಿದ್ದ ಕಾಲದಲ್ಲಿ ಎಲ್ಲ ಹೆಸರುಗಳ ಒಂದೇ ಪಟ್ಟಿ ಅಮೆರಿಕದ ಒಂದು ಸಂಸ್ಥೆಯಲ್ಲಿ ಇರುತ್ತಿತ್ತು, ಎಲ್ಲರೂ ಅದರ ಪ್ರತಿಯನ್ನು ತರಿಸಿಕೊಳ್ಳುತ್ತಿದ್ದರು. ಪಟ್ಟಿ ಉದ್ದವಾಗಿ ಕೈಮೀರಿದಾಗ, 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬುವರು ಹಂಚಿಕೊಂಡು ಕೆಲಸ ಮಾಡುವ ಈಗಿನ ವ್ಯವಸ್ಥೆಯನ್ನು ರೂಪಿಸಿದರು. ನೀವು ಒಂದು ಹೆಸರನ್ನು ಟೈಪ್ ಮಾಡಿದಾಗ ಕಂಪ್ಯೂಟರ್ ಮೊದಲು ತನಗೆ ಗೊತ್ತು ಮಾಡಿಕೊಟ್ಟಿರುವ ಒಂದು ಡಿಎನ್‌ಎಸ್ ಸರ್ವರನ್ನು "ಈ ಹೆಸರಿನ ಅಂಕಿ ಯಾವುದು?" ಎಂದು ಕೇಳುತ್ತದೆ. ಅದು ಬೇಕಾದಲ್ಲಿ ವಿಚಾರಿಸಿ ಅಂಕಿಯನ್ನು ತಂದುಕೊಡುತ್ತದೆ. ಆಮೇಲಷ್ಟೇ ಪುಟವನ್ನು ತರುವ ಕೆಲಸ ಶುರು. ಕೇಳಬೇಕಾದ ಆ ಸರ್ವರೇ ಮಾತಾಡದಿದ್ದರೆ, ದಾರಿ ಎಷ್ಟೇ ಚೆನ್ನಾಗಿದ್ದರೂ ಹೋಗುವುದು ಎಲ್ಲಿಗೆ ಎಂದೇ ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ.

ಮೇಲಿನ ಪರೀಕ್ಷೆಯಲ್ಲಿ ಹಲವರು ಎಡವುವ ಜಾಗ ಒಂದಿದೆ. ಎರಡನೆಯ ಪಿಂಗ್‌ಗೆ ಉತ್ತರ ಬರಲಿಲ್ಲ ಎಂದ ಮಾತ್ರಕ್ಕೆ ಡಿಎನ್‌ಎಸ್ ಕೆಟ್ಟಿದೆ ಎನ್ನುವಂತಿಲ್ಲ. ಕೆಲವು ಜಾಲತಾಣಗಳು ಪಿಂಗ್‌ಗೆ ಓಗೊಡಬಾರದೆಂದೇ ತಮ್ಮ ಯಂತ್ರಗಳನ್ನು ಹೊಂದಿಸಿರುತ್ತವೆ. ಆಗ `Request timed out` ಎಂದು ಬರುತ್ತದೆ. ಆದರೆ ಅದರ ಮೇಲಿನ ಸಾಲಿನಲ್ಲಿ `Pinging` ಎಂಬುದರ ಮುಂದೆ ಚೌಕ ಕಂಸದೊಳಗೆ ಒಂದು ಅಂಕಿಯ ವಿಳಾಸ ಕಾಣುತ್ತದೆ. ಆ ಅಂಕಿ ಕಂಡಿತೆಂದರೆ ಹೆಸರಿಗೆ ವಿಳಾಸ ಸಿಕ್ಕಿದೆ, ಡಿಎನ್‌ಎಸ್ ತನ್ನ ಕೆಲಸ ಮಾಡಿದೆ ಎಂದರ್ಥ. `could not find host` ಎಂದರೆ ಮಾತ್ರ ಹೆಸರೇ ಸಿಗಲಿಲ್ಲ ಎಂದು. ಬ್ರೌಸರಿನಲ್ಲಿಯೂ ಸುಳಿವು ಇರುತ್ತದೆ. ಕ್ರೋಮ್‌ನ ಪುಟದ ಕೆಳಗೆ ಸಣ್ಣಕ್ಷರದಲ್ಲಿ `ERR_NAME_NOT_RESOLVED` ಎಂದೋ `DNS_PROBE` ಎಂದು ಶುರುವಾಗುವ ಸಾಲೋ ಇದ್ದರೆ ನಮ್ಮ ಅನುಮಾನ ಸರಿ.

ಇನ್ನು ಕೆಲವರು ಜಾಣತನದಿಂದ ಅಂಕಿಯನ್ನೇ ಬ್ರೌಸರಿನಲ್ಲಿ ಹೊಡೆದು ಪುಟ ತೆರೆಯಲು ನೋಡುತ್ತಾರೆ. ಅದು ಹೆಚ್ಚಾಗಿ ಫಲಿಸುವುದಿಲ್ಲ. ಒಂದೇ ಅಂಕಿಯ ಯಂತ್ರದಲ್ಲಿ ಹತ್ತಾರು ತಾಣಗಳು ಇರಬಹುದು, ಯಾವುದು ಬೇಕೆಂದು ಅದಕ್ಕೆ ಹೆಸರಿನಿಂದಲೇ ತಿಳಿಯಬೇಕು. ಭದ್ರತಾ ಪ್ರಮಾಣಪತ್ರವೂ ಹೆಸರಿಗೆ ಬರೆದದ್ದು. ಹಾಗಾಗಿ ಅಂಕಿ ಹೊಡೆದಾಗ ಎಚ್ಚರಿಕೆಯ ಪುಟ ಬಂದರೆ ಅದನ್ನು ಬೇರೆ ತೊಂದರೆ ಎಂದು ಭಾವಿಸಬೇಡಿ.

ಈಗ ಒಂದು ನಿಜ ಪ್ರಸಂಗ. ಅಕ್ಕಲಕೋಟೆ ಕಡೆಯ ನಮ್ಮ ಸದಸ್ಯರೊಬ್ಬರು ಜೆರಾಕ್ಸ್ ಅಂಗಡಿ ಇಟ್ಟುಕೊಂಡು ವಿದ್ಯಾರ್ಥಿಗಳ ಅರ್ಜಿಗಳನ್ನು ಆನ್‌ಲೈನ್‌ನಲ್ಲಿ ತುಂಬಿಕೊಡುತ್ತಾರೆ. ಹಳೆಯ ಕನೆಕ್ಷನ್ ನಿಧಾನವೆಂದು ಬಿಟ್ಟು ಬೇರೆ ಕಂಪನಿಯ ಫೈಬರ್ ಹಾಕಿಸಿಕೊಂಡರು. ಹಾಕಿದ ದಿನ ಸಂಜೆ ಒಂದೆರಡು ಪುಟ ತೆರೆದವು, ಮರುದಿನ ಬೆಳಿಗ್ಗೆಯಿಂದ ಏನೂ ಇಲ್ಲ. ಅರ್ಜಿಯ ಕೊನೆಯ ದಿನಕ್ಕೆ ಎರಡೇ ದಿನ ಉಳಿದಿತ್ತು, ಅಂಗಡಿಯ ಮುಂದೆ ಮಕ್ಕಳು ಕಾಗದ ಹಿಡಿದು ನಿಂತಿದ್ದರು. "ಸರ, ನೆಟ್ ಐತ್ರಿ, ನನ್ನ ಮೊಬೈಲ್‌ನ್ಯಾಗ ಅದ ವೈಫೈ ಮ್ಯಾಲ ಎಲ್ಲಾ ಬರ್ತದ. ಈ ಕಂಪ್ಯೂಟರ್‌ನ್ಯಾಗ ಒಂದು ಪೇಜೂ ತೆರೀವಲ್ದು" ಎಂದು ಫೋನ್ ಮಾಡಿದರು. ವಿಂಡೋಸ್ ಮತ್ತೆ ಹಾಕಲು ಒಬ್ಬರು ಮರುದಿನ ಬರುವವರಿದ್ದರು.

ಆ ಮಾತಿನಲ್ಲಿಯೇ ಅರ್ಧ ಉತ್ತರ ಇತ್ತು. ಅದೇ ವೈಫೈ ಮೇಲೆ ಮೊಬೈಲ್ ನಡೆಯುತ್ತಿದೆ ಎಂದರೆ ರೂಟರ್, ಲೈನ್, ಹೊಸ ಕಂಪನಿಯ ಡಿಎನ್‌ಎಸ್ ಮೂರೂ ಸರಿ. ತೊಂದರೆ ಆ ಒಂದು ಕಂಪ್ಯೂಟರಿನೊಳಗೇ ಇದೆ. ಎರಡು ಪಿಂಗ್‌ಗಳನ್ನೂ ಮಾಡಿಸಿದೆವು. ಅಂಕಿಗೆ ಉತ್ತರ ಬಂತು, ಹೆಸರಿಗೆ ಇಲ್ಲ. ಮುಂದೆ, ಈ ಕಂಪ್ಯೂಟರ್ ಯಾರನ್ನು ಕೇಳುತ್ತಿದೆ ಎಂದು ನೋಡಬೇಕಿತ್ತು. ಅದಕ್ಕೆ `nslookup` ಎಂಬ ಆಜ್ಞೆ ಇದೆ. ಅವರು ಕಳಿಸಿದ ಫೋಟೊದಲ್ಲಿ ಇದ್ದದ್ದು ಹೀಗೆ. ಹಳೆಯ ಕಂಪನಿಯ ಗುರುತು ಸಿಗದಿರಲೆಂದು ವಿಳಾಸದ ಅಂಕಿಗಳನ್ನು ಮಾತ್ರ ಬದಲಿಸಿದ್ದೇವೆ.

```
C:\> nslookup kn.wikipedia.org
DNS request timed out.
    timeout was 2 seconds.
Server:  UnKnown
Address:  203.0.113.53
*** Request to UnKnown timed-out
```

`Address` ಎಂಬ ಸಾಲನ್ನು ನೋಡಿ. ಅದು ಈ ಕಂಪ್ಯೂಟರ್ ಹೆಸರು ಕೇಳಲು ಹೋಗುತ್ತಿರುವ ಸರ್ವರಿನ ವಿಳಾಸ. ಮನೆ ಅಥವಾ ಅಂಗಡಿಯ ರೂಟರ್ ತಾನೇ ಈ ಕೆಲಸ ವಹಿಸಿಕೊಂಡಿದ್ದರೆ ಅಲ್ಲಿ ಸಾಮಾನ್ಯವಾಗಿ `192.168` ಎಂದು ಶುರುವಾಗುವ ಅಂಕಿ ಇರುತ್ತದೆ. ಇಲ್ಲಿ ಇದ್ದದ್ದು ಹೊರಗಿನ ಒಂದು ವಿಳಾಸ, ಅದೂ ಬಿಟ್ಟುಬಂದ ಹಳೆಯ ಕಂಪನಿಯದು. ವರ್ಷಗಳ ಹಿಂದೆ ಹಳೆಯ ಕನೆಕ್ಷನ್ ಕೊಟ್ಟ ಹುಡುಗ ಆ ಕಂಪನಿಯ ಎರಡು ಸರ್ವರುಗಳ ಅಂಕಿಗಳನ್ನು ಕೈಯಿಂದಲೇ ಬರೆದಿಟ್ಟು ಹೋಗಿದ್ದ. ಇಂಟರ್‌ನೆಟ್ ಕಂಪನಿಗಳ ಡಿಎನ್‌ಎಸ್ ಸರ್ವರುಗಳು ಸಾಮಾನ್ಯವಾಗಿ ತಮ್ಮ ಗಿರಾಕಿಗಳಿಗೆ ಮಾತ್ರ ಉತ್ತರ ಕೊಡುತ್ತವೆ. ಬೇರೆ ಜಾಲದಿಂದ ಬಂದ ಪ್ರಶ್ನೆಗೆ ಸುಮ್ಮನಿರುತ್ತವೆ, ಇಲ್ಲವೇ `Query refused` ಎಂದು ತಿರಸ್ಕರಿಸುತ್ತವೆ. ಅಂಗಡಿಯವರು ಕಂಪನಿ ಬದಲಿಸಿದ್ದರು, ಕಂಪ್ಯೂಟರ್ ಮಾತ್ರ ಹಳೆಯ ಕಂಪನಿಯ ಬಾಗಿಲಲ್ಲಿಯೇ ನಿಂತು ವಿಳಾಸ ಕೇಳುತ್ತಿತ್ತು.

ಮೊಬೈಲ್ ಏಕೆ ನಡೆಯುತ್ತಿತ್ತು? ಅದರಲ್ಲಿ ಯಾರೂ ಏನೂ ಬರೆದಿಟ್ಟಿರಲಿಲ್ಲ. ವೈಫೈಗೆ ಸೇರಿದೊಡನೆ ರೂಟರ್ ತಾನೇ ಹೇಳಿಕೊಟ್ಟ ಡಿಎನ್‌ಎಸ್ ವಿಳಾಸವನ್ನು ಅದು ತೆಗೆದುಕೊಂಡಿತು. ಮೊದಲ ದಿನ ಸಂಜೆ ಒಂದೆರಡು ಪುಟ ತೆರೆದದ್ದಕ್ಕೂ ಕಾರಣ ಇದೆ. ಒಮ್ಮೆ ಸಿಕ್ಕ ಉತ್ತರವನ್ನು ಕಂಪ್ಯೂಟರ್ ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತದೆ. ಎಷ್ಟು ಹೊತ್ತು ಎಂಬುದನ್ನು ಆಯಾ ಜಾಲತಾಣದವರೇ ಗೊತ್ತು ಮಾಡಿರುತ್ತಾರೆ, ಕೆಲವಕ್ಕೆ ಕೆಲವು ನಿಮಿಷ, ಕೆಲವಕ್ಕೆ ಗಂಟೆಗಟ್ಟಲೆ. ಆ ಅವಧಿ ಮುಗಿಯುವ ತನಕ ಹಳೆಯ ನೆನಪಿನ ಮೇಲೆ ಪುಟಗಳು ತೆರೆದವು, ಆಮೇಲೆ ನಿಂತವು. ಡಿಎನ್‌ಎಸ್ ಕೆಟ್ಟಾಗ ಎಲ್ಲವೂ ಒಂದೇ ಗಳಿಗೆಯಲ್ಲಿ ನಿಲ್ಲದೆ ಒಂದೊಂದಾಗಿ ನಿಲ್ಲುವುದು ಹೀಗೆ. ಇದು ಗೊತ್ತಿಲ್ಲದೆ "ಗೂಗಲ್ ಬರ್ತದ, ಅರ್ಜಿ ತಾಣ ಬರ್ತಾ ಇಲ್ಲ, ಅವರದೇ ಸರ್ವರ್ ಡೌನ್" ಎಂದು ಕೈಬಿಟ್ಟವರನ್ನು ನಾವು ಕಂಡಿದ್ದೇವೆ.

ಖಾತ್ರಿಗಾಗಿ ಇನ್ನೊಂದು ಆಜ್ಞೆ ಕೊಡಿಸಿದೆವು. ಹೆಸರಿನ ಕೊನೆಗೆ ಬೇರೆ ಸರ್ವರಿನ ಅಂಕಿಯನ್ನು ಸೇರಿಸಿದರೆ `nslookup` ಆ ಒಂದು ಸಲ ಅದನ್ನೇ ಕೇಳುತ್ತದೆ.

```
nslookup kn.wikipedia.org 8.8.8.8
```

ತಕ್ಷಣ ಉತ್ತರ ಬಂತು. 8.8.8.8 ಎಂಬುದು ಗೂಗಲ್ 2009ರಿಂದ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿರುವ ಡಿಎನ್‌ಎಸ್ ಸರ್ವರಿನ ವಿಳಾಸ. ನೆನಪಿನಲ್ಲಿ ಉಳಿಯುವ ಅಂಕಿಯಾದ್ದರಿಂದ ಪಿಂಗ್ ಪರೀಕ್ಷೆಗೂ ಜನ ಅದನ್ನೇ ಬಳಸುತ್ತಾರೆ. ಪಿಂಗ್‌ನಲ್ಲಿ ಅದು ಓಗೊಟ್ಟರೆ ದಾರಿ ಸರಿ ಎಂದಷ್ಟೇ ಆಯಿತು. `nslookup`ನಲ್ಲಿ ಉತ್ತರ ಕೊಟ್ಟರೆ ಹೆಸರಿನ ಪ್ರಶ್ನೆಯೂ ಹೊರಗೆ ಹೋಗಿ ಬರುತ್ತಿದೆ ಎಂದಾಯಿತು. ಹಾಗಾದರೆ ಕೆಟ್ಟಿರುವುದು ನಮ್ಮ ಕಂಪ್ಯೂಟರ್ ನೆಚ್ಚಿಕೊಂಡಿರುವ ಸರ್ವರ್ ಮಾತ್ರ. ಇಷ್ಟು ತಿಳಿದ ಮೇಲೆ ಅನುಮಾನಕ್ಕೆ ಎಡೆಯಿಲ್ಲ.

ಸರಿಪಡಿಸುವುದು ಎರಡು ನಿಮಿಷದ ಕೆಲಸ. ವಿಂಡೋಸ್ ಕೀಲಿ ಮತ್ತು R ಒಟ್ಟಿಗೆ ಒತ್ತಿ `ncpa.cpl` ಎಂದು ಕೊಟ್ಟರೆ ಕನೆಕ್ಷನ್‌ಗಳ ಪಟ್ಟಿ ಬರುತ್ತದೆ. ನೀವು ಬಳಸುತ್ತಿರುವುದರ ಮೇಲೆ ಬಲ ಗುಂಡಿ ಒತ್ತಿ `Properties`, ಅದರಲ್ಲಿ `Internet Protocol Version 4 (TCP/IPv4)`, ಮತ್ತೆ `Properties`. ಕೆಳಭಾಗದಲ್ಲಿ ಕೈಯಿಂದ ಬರೆದ ಅಂಕಿಗಳು ಇದ್ದರೆ ಮೊದಲು ಅವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಆಮೇಲೆ `Obtain DNS server address automatically` ಎಂಬುದನ್ನು ಆರಿಸಿ ಓಕೆ ಕೊಡಿ. ಇನ್ನು ಮುಂದೆ ಕಂಪ್ಯೂಟರ್ ಕೂಡ ಮೊಬೈಲಿನಂತೆ ರೂಟರಿನಿಂದಲೇ ವಿಳಾಸ ಪಡೆಯುತ್ತದೆ. ಕೊನೆಗೆ ಕಪ್ಪು ಕಿಟಕಿಗೆ ಹಿಂದಿರುಗಿ, ನೆನಪಿನಲ್ಲಿ ಉಳಿದ ಹಳೆಯ ಉತ್ತರಗಳನ್ನು ಒರೆಸಿಹಾಕಿ.

```
ipconfig /flushdns
```

ಅಕ್ಕಲಕೋಟೆಯ ಅಂಗಡಿಯಲ್ಲಿ ಇಷ್ಟಕ್ಕೇ ಪುಟಗಳು ತೆರೆದವು. ವಿಂಡೋಸ್ ಹಾಕಲು ಬರುವವರಿಗೆ ಬೇಡವೆಂದು ಹೇಳಿ ಕಳಿಸಿದರು. ಅವರು ಡಿಸ್ಕ್ ಅಳಿಸಿ ಹೊಸದಾಗಿ ಹಾಕಿದ್ದರೂ ಪುಟ ತೆರೆಯುತ್ತಿತ್ತು ಎನ್ನುವುದು ನಿಜ, ಏಕೆಂದರೆ ಕೈಬರಹದ ಅಂಕಿಗಳೂ ಜೊತೆಗೆ ಅಳಿಸಿಹೋಗುತ್ತಿದ್ದವು. ಆದರೆ ಅದರೊಂದಿಗೆ ಅಂಗಡಿಯ ಪ್ರಿಂಟರ್ ಡ್ರೈವರುಗಳು, ನುಡಿ ಕೀಲಿಮಣೆ, ಗಿರಾಕಿಗಳ ಕಡತಗಳೂ ಹೋಗುತ್ತಿದ್ದವು.

"8.8.8.8 ಎಂದೇ ಬರೆದಿಟ್ಟುಬಿಡಬಾರದೇ?" ಎಂದು ಕೇಳುವವರಿದ್ದಾರೆ. ಬರೆಯಬಹುದು, ಕ್ಲೌಡ್‌ಫ್ಲೇರ್ ಕಂಪನಿಯ 1.1.1.1 ಕೂಡ 2018ರಿಂದ ಇದೆ. ಕಂಪನಿಯ ಡಿಎನ್‌ಎಸ್ ಪದೇ ಪದೇ ಕೈಕೊಡುವ ಊರುಗಳಲ್ಲಿ ಇದೇ ಒಳ್ಳೆಯ ಮದ್ದು. ಆದರೆ ಕಾರಣ ತಿಳಿಯದೆ ಮೊದಲೇ ಇದನ್ನು ಮಾಡುವುದು ನಮಗೆ ಅಷ್ಟು ಸರಿಕಾಣುವುದಿಲ್ಲ. ಕಾಲೇಜು, ಬ್ಯಾಂಕು, ಕಚೇರಿಗಳ ಜಾಲದಲ್ಲಿ ಒಳಗಿನ ಯಂತ್ರಗಳಿಗೆ ಒಳಗಿನದೇ ಹೆಸರುಗಳಿರುತ್ತವೆ, ಹೊರಗಿನ ಸರ್ವರಿಗೆ ಅವು ಗೊತ್ತಿರುವುದಿಲ್ಲ. ಅಂಥ ಕಡೆ ಲ್ಯಾಪ್‌ಟಾಪ್ ಒಯ್ದಾಗ ಅಲ್ಲಿನ ಪ್ರಿಂಟರೋ ಒಳಪುಟವೋ ಸಿಗದೆ ಹೊಸ ತಲೆನೋವು ಶುರುವಾಗುತ್ತದೆ. ನೀವು ಯಾವ ಯಾವ ತಾಣಗಳ ಹೆಸರು ಕೇಳಿದಿರಿ ಎಂಬುದು ಆ ಕಂಪನಿಗೆ ಕಾಣುತ್ತದೆ ಎಂಬುದೂ ನೆನಪಿರಲಿ.

ಮನೆಯ ಎಲ್ಲ ಉಪಕರಣಗಳಲ್ಲಿಯೂ ಒಟ್ಟಿಗೆ ಪುಟ ನಿಂತಿದ್ದರೆ ಕಥೆ ಬೇರೆ. ಆಗ `nslookup` ಸಾಮಾನ್ಯವಾಗಿ ರೂಟರಿನ ವಿಳಾಸವನ್ನೇ ತೋರಿಸುತ್ತದೆ. ರೂಟರ್ ಸ್ವತಃ ಹೆಸರುಗಳನ್ನು ತಿಳಿದಿರುವುದಿಲ್ಲ, ಕೇಳಿದ್ದನ್ನು ಕಂಪನಿಯ ಸರ್ವರಿಗೆ ದಾಟಿಸಿ ಉತ್ತರ ತರುತ್ತದೆ. ಆ ದಾಟಿಸುವ ಕೆಲಸ ಸಿಕ್ಕಿಹಾಕಿಕೊಂಡಿದ್ದರೆ ರೂಟರನ್ನು ಆಫ್ ಮಾಡಿ ಅರ್ಧ ನಿಮಿಷ ಬಿಟ್ಟು ಆನ್ ಮಾಡಿದರೆ ಸರಿಹೋಗುತ್ತದೆ. ಸರಿಹೋಗದಿದ್ದರೆ, ಮತ್ತು 8.8.8.8 ಸೇರಿಸಿದ `nslookup` ಉತ್ತರ ಕೊಡುತ್ತಿದ್ದರೆ, ಕಂಪನಿಯ ಸರ್ವರೇ ಮಲಗಿದೆ. ಆಗ ಫೋನ್ ಮಾಡಿ "ನೆಟ್ ಬರುತ್ತಿಲ್ಲ" ಎನ್ನಬೇಡಿ, ಅವರು ಲೈನ್ ನೋಡಿ ಸರಿ ಇದೆ ಎನ್ನುತ್ತಾರೆ. "ಅಂಕಿಗೆ ಪಿಂಗ್ ಹೋಗುತ್ತಿದೆ, ನಿಮ್ಮ ಡಿಎನ್‌ಎಸ್ ಉತ್ತರ ಕೊಡುತ್ತಿಲ್ಲ" ಎನ್ನಿ. ಸೊಲ್ಲಾಪುರದಲ್ಲಿ ಮರಾಠಿಯಲ್ಲಿ ಹೇಳಿದರೂ, ಹೊಸೂರಿನಲ್ಲಿ ತಮಿಳಿನಲ್ಲಿ ಹೇಳಿದರೂ ಡಿಎನ್‌ಎಸ್ ಎಂಬ ಮಾತು ಒಂದೇ, ಸರಿಯಾದವರ ಕಿವಿಗೆ ಬೀಳುತ್ತದೆ.

ಆಂಡ್ರಾಯ್ಡ್ ಫೋನಿನಲ್ಲಿ ಮಾತ್ರ ತೊಂದರೆ ಇದ್ದರೆ ಸೆಟ್ಟಿಂಗ್ಸ್‌ನಲ್ಲಿ `Private DNS` ಎಂದು ಹುಡುಕಿ. ಜಾಹೀರಾತು ತಡೆಯಲೆಂದು ಯಾರೋ ಹೇಳಿದ ಹೆಸರನ್ನು ಅಲ್ಲಿ ಹಾಕಿ ಮರೆತಿರುವುದುಂಟು. ಆ ಸೇವೆ ನಿಂತರೆ ಫೋನಿನ ವೈಫೈ, ಮೊಬೈಲ್ ಡೇಟಾ ಎರಡರಲ್ಲಿಯೂ ಹೆಸರುಗಳು ಸಿಗುವುದಿಲ್ಲ. `Automatic` ಎಂದು ಬದಲಿಸಿದರೆ ಸಾಕು.

ಒಂದೇ ತಾಣ ತೆರೆಯದೆ ಉಳಿದೆಲ್ಲ ತೆರೆಯುತ್ತಿದ್ದರೆ ನಿಮ್ಮ ಮನೆಯಲ್ಲಿ ಮಾಡುವುದು ಏನೂ ಇಲ್ಲದಿರಬಹುದು. 2021ರ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಒಟ್ಟಿಗೆ ನಿಂತದ್ದು ಹಲವರಿಗೆ ನೆನಪಿರಬಹುದು. ಆ ಕಂಪನಿಯೊಳಗಿನ ಒಂದು ದುರಸ್ತಿ ಕೆಲಸದಿಂದಾಗಿ ಅದರ ಹೆಸರುಗಳಿಗೆ ಉತ್ತರ ಕೊಡುವ ಸರ್ವರುಗಳ ದಾರಿಯೇ ಜಾಲದಿಂದ ಅಳಿಸಿಹೋಗಿತ್ತು, ಸುಮಾರು ಆರು ಗಂಟೆ ಹಾಗೇ ಇತ್ತು. ಅಂದು ಯಾವ ಡಿಎನ್‌ಎಸ್ ಬದಲಿಸಿದರೂ ಉಪಯೋಗವಿರಲಿಲ್ಲ. ಯಾರನ್ನು ಕೇಳಿದರೂ, ಉತ್ತರ ಗೊತ್ತಿದ್ದವರೇ ಸಿಗುತ್ತಿರಲಿಲ್ಲ. ಇನ್ನೊಂದು ಬಗೆಯೂ ಇದೆ. `nslookup` ಚೆನ್ನಾಗಿ ಉತ್ತರ ಕೊಡುತ್ತದೆ, ಆದರೂ ಪುಟ ತೆರೆಯುವುದಿಲ್ಲ. ಆಗ ಡಿಎನ್‌ಎಸ್ ಬಿಟ್ಟು ಬ್ರೌಸರಿನ ಪ್ರಾಕ್ಸಿ ಸೆಟ್ಟಿಂಗ್, ಆಂಟಿವೈರಸ್, ಕಂಪ್ಯೂಟರಿನ ತಾರೀಖು ಸಮಯ ಇವನ್ನು ನೋಡಿ.

ಕೊನೆಯದಾಗಿ ಎಚ್ಚರದ ಮಾತು ಒಂದಿದೆ. ಮೇಲಿನಂತೆ ನೋಡುವಾಗ ಡಿಎನ್‌ಎಸ್ ಜಾಗದಲ್ಲಿ ಹಳೆಯ ಕಂಪನಿಯದೂ ಅಲ್ಲದ, ಹೊಸ ಕಂಪನಿಯದೂ ಅಲ್ಲದ, ನೀವಾಗಿ ಬರೆದದ್ದೂ ಅಲ್ಲದ ಅಂಕಿ ಕಂಡರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಡಿಎನ್‌ಎಸ್‌ಚೇಂಜರ್ ಎಂಬ ಕೇಡಿನ ತಂತ್ರಾಂಶ ಹಿಂದೆ ಮಾಡಿದ್ದು ಇದನ್ನೇ. ಕಂಪ್ಯೂಟರಿನೊಳಗೆ ನುಗ್ಗಿ ಡಿಎನ್‌ಎಸ್ ವಿಳಾಸವನ್ನು ವಂಚಕರ ಸರ್ವರಿಗೆ ತಿರುಗಿಸುತ್ತಿತ್ತು. ಜನ ಒಂದು ಹೆಸರು ಕೇಳಿದರೆ ವಂಚಕರು ತಮಗೆ ಬೇಕಾದ ಬೇರೆ ಅಂಕಿಯನ್ನು ಕೊಡುತ್ತಿದ್ದರು. ಜಗತ್ತಿನಾದ್ಯಂತ ಸುಮಾರು 40 ಲಕ್ಷ ಕಂಪ್ಯೂಟರುಗಳು ಅದಕ್ಕೆ ಸಿಕ್ಕಿದ್ದವೆಂದು ಅಮೆರಿಕದ ಎಫ್‌ಬಿಐ ಹೇಳಿತು. 2011ರ ನವೆಂಬರಿನಲ್ಲಿ ಆ ಜಾಲವನ್ನು ಹಿಡಿದಾಗ ಅಧಿಕಾರಿಗಳಿಗೆ ವಿಚಿತ್ರ ಸಂಕಟ ಎದುರಾಯಿತು. ವಂಚಕರ ಸರ್ವರುಗಳನ್ನು ಒಮ್ಮೆಲೇ ಮುಚ್ಚಿದರೆ ಆ ಕಂಪ್ಯೂಟರುಗಳಿಗೆಲ್ಲ ಹೆಸರು ಕೇಳಲು ಜಾಗವೇ ಇರುತ್ತಿರಲಿಲ್ಲ. ಹಾಗಾಗಿ ನ್ಯಾಯಾಲಯದ ಅಪ್ಪಣೆಯ ಮೇರೆಗೆ ಅದೇ ವಿಳಾಸಗಳಲ್ಲಿ ಶುದ್ಧ ಸರ್ವರುಗಳನ್ನು ಇಟ್ಟು ನಡೆಸಿ, 2012ರ ಜುಲೈ 9ರಂದು ಮುಚ್ಚಿದರು. ಅಷ್ಟರೊಳಗೆ ಸರಿಪಡಿಸಿಕೊಳ್ಳದವರ ಕಂಪ್ಯೂಟರಿನಲ್ಲಿ ಅಂದು ಆದದ್ದು ನಮ್ಮ ಅಕ್ಕಲಕೋಟೆಯ ಅಂಗಡಿಯಲ್ಲಿ ಆದದ್ದೇ: ಅಂಕಿಗೆ ದಾರಿ ಇದೆ, ಹೆಸರಿಗೆ ಇಲ್ಲ. ಇಂಥ ಅಪರಿಚಿತ ಅಂಕಿ ಕಂಡವರು ಅದನ್ನು ಬದಲಿಸಿ ಸುಮ್ಮನಾಗದೆ, ಕಂಪ್ಯೂಟರಿಗೆ ವೈರಸ್ ಪರೀಕ್ಷೆ ಮಾಡಿಸಿ, ರೂಟರಿನ ಪಾಸ್‌ವರ್ಡನ್ನೂ ಬದಲಿಸಿ. ಬದಲಾವಣೆ ರೂಟರಿನಲ್ಲಿಯೇ ಆಗಿದ್ದರೆ ಕಂಪ್ಯೂಟರನ್ನು ಎಷ್ಟು ಸಲ ಸರಿಮಾಡಿದರೂ ಅದೇ ಅಂಕಿ ಮತ್ತೆ ಬಂದು ಕೂರುತ್ತದೆ.

ಸದಸ್ಯರು ಇಂಥ ತೊಂದರೆ ಬರೆದು ಕಳಿಸುವಾಗ ಎರಡು ಪಿಂಗ್ ಮತ್ತು ಎರಡು `nslookup` ಆಜ್ಞೆಗಳ ಉತ್ತರದ ಫೋಟೊ ತೆಗೆದು ಜೊತೆಗೆ ಕಳಿಸಿ. ಅದೇ ವೈಫೈ ಮೇಲೆ ಬೇರೆ ಫೋನ್ ನಡೆಯುತ್ತಿದೆಯೇ, ಇತ್ತೀಚೆಗೆ ಕಂಪನಿ ಅಥವಾ ರೂಟರ್ ಬದಲಾಗಿದೆಯೇ ಎಂದೂ ತಿಳಿಸಿ.